ಕಾಗದ ಹಿಡಿದಿಟ್ಟ ಎಣ್ಣೆ

ನಾರ್ವೆಯ ಉತ್ತರ ಭಾಗದಲ್ಲಿ, ಆರ್ಕ್ಟಿಕ್ ವೃತ್ತದ ಒಳಗೆ, ಟ್ರೊಮ್ಸೊ ಎಂಬ ಊರಿದೆ. ಆ ಸೀಮೆಯಲ್ಲಿ ಕಾಫಿ ಮಾಡುವ ಹಳೆಯ ಕ್ರಮ ತೀರ ಸರಳ. ಕೆಟಲಿನಲ್ಲಿ ನೀರು ಕುದಿಸಿ, ತರಿತರಿಯಾದ ಪುಡಿ ಸುರಿದು, ಇನ್ನೊಂದಿಷ್ಟು ಕಾಯಿಸಿ ಇಳಿಸುತ್ತಾರೆ. ಚರಟ ತಳಕ್ಕೆ ಕೂರುವವರೆಗೆ ಕಾದು, ಮೇಲಿನದನ್ನು ಹಾಗೇ ಲೋಟಕ್ಕೆ ಬಗ್ಗಿಸಿಕೊಳ್ಳುತ್ತಾರೆ. ಸೋಸುವ ಮಾತೇ ಇಲ್ಲ. ಚಳಿಯ ನಾಡು, ಕೆಟಲು ದಿನವಿಡೀ ಒಲೆಯ ಮೇಲೆ ಇರುತ್ತಿತ್ತು, ದಿನಕ್ಕೆ ಎಂಟೊಂಬತ್ತು ಲೋಟ ಕುಡಿಯುವವರು ವಿರಳರೇನಲ್ಲ. ಹೃದಯಾಘಾತದಿಂದ ಸಾಯುವವರೂ ಆ ಭಾಗದಲ್ಲಿ ಹೆಚ್ಚು ಎಂಬ ಕಾರಣಕ್ಕೇ 1970ರ ದಶಕದಲ್ಲಿ ಅಲ್ಲಿ ದೊಡ್ಡದೊಂದು ಆರೋಗ್ಯ ಸಮೀಕ್ಷೆ ಶುರುವಾಗಿತ್ತು.

ಆ ಸಮೀಕ್ಷೆಯ ಅಂಕಿಗಳನ್ನು ಡಾಗ್ ತೆಲ್ಲೆ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದರು. ಒಟ್ಟು 14,581 ಗಂಡಸರು, ಹೆಂಗಸರು. ದಿನಕ್ಕೆ ಒಂಬತ್ತು ಲೋಟಕ್ಕಿಂತ ಹೆಚ್ಚು ಕಾಫಿ ಕುಡಿಯುವವರ ರಕ್ತದಲ್ಲಿ, ದಿನಕ್ಕೆ ಒಂದು ಲೋಟವೂ ಕುಡಿಯದವರಿಗಿಂತ ಕೊಲೆಸ್ಟರಾಲ್ ಸುಮಾರು ಶೇಕಡಾ 14ರಷ್ಟು ಹೆಚ್ಚಿತ್ತು. ಸಿಗರೇಟು, ಮದ್ಯ, ಮೈತೂಕ, ದೇಹಶ್ರಮ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಅಳಿಯಲಿಲ್ಲ. ಅಮೆರಿಕದ ಸಂಶೋಧಕರು ಇದನ್ನು ಓದಿ ತಲೆ ಕೆರೆದುಕೊಂಡಿರಬೇಕು. ಅಲ್ಲಿಯ ಅಧ್ಯಯನಗಳಲ್ಲಿ ಕಾಫಿಗೂ ಕೊಲೆಸ್ಟರಾಲಿಗೂ ಇರುವ ನಂಟು ಒಮ್ಮೆ ಕಾಣಿಸಿಕೊಂಡರೆ ಇನ್ನೊಮ್ಮೆ ಮಾಯವಾಗುತ್ತಿತ್ತು. ಒಂದೇ ಬೀಜ, ಒಂದೇ ಕೆಫೀನು; ಒಂದು ದೇಶದಲ್ಲಿ ಅಪರಾಧಿ, ಇನ್ನೊಂದರಲ್ಲಿ ನಿರಪರಾಧಿ. ಹೀಗಾಗುವುದು ಹೇಗೆ?

ಕಾಫಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನು ನಮ್ಮ ಪತ್ರಿಕೆಗಳು ಇಂದಿಗೂ ವಾರಕ್ಕೊಮ್ಮೆ ಕೇಳುತ್ತವೆ. ಕೊಲೆಸ್ಟರಾಲಿನ ಮಟ್ಟಿಗೆ ಆ ಪ್ರಶ್ನೆಗೆ ಉತ್ತರವೇ ಇಲ್ಲ ಎನ್ನುವುದು ನನ್ನ ವಾದ. ಪುಡಿಗೂ ಲೋಟಕ್ಕೂ ನಡುವೆ ಏನನ್ನು ಅಡ್ಡ ಹಿಡಿದಿದ್ದೀರಿ ಎಂದು ಕೇಳಿದರೆ ಮಾತ್ರ ಉತ್ತರವಿದೆ. ಆ ಉತ್ತರ ಸಿಕ್ಕಿದ ಬಗೆಯೂ ಸೊಗಸಾಗಿದೆ. ಒಂದೊಂದೇ ಅನುಮಾನವನ್ನು ತೆಗೆದುಹಾಕುತ್ತ ಹೋದ ಪತ್ತೇದಾರಿ ಕೆಲಸ ಅದು.

ಮೊದಲ ಸುಳಿವು ಟ್ರೊಮ್ಸೊದಲ್ಲೇ ದೊರೆಯಿತು. ಕೊಲೆಸ್ಟರಾಲ್ ಹೆಚ್ಚಿದ್ದ 33 ಗಂಡಸರಲ್ಲಿ ಕೆಲವರಿಗೆ ಐದು ವಾರ ಕಾಫಿ ಬಿಡಿಸಿದರು. ಬಿಟ್ಟವರ ಕೊಲೆಸ್ಟರಾಲ್ ಇಳಿಯಿತು. ಆಮೇಲೆ ಅವರಲ್ಲಿ ಕೆಲವರಿಗೆ ಕುದಿಸಿದ ಕಾಫಿ, ಕೆಲವರಿಗೆ ಕಾಗದದಲ್ಲಿ ಸೋಸಿದ ಕಾಫಿ ಕೊಟ್ಟರು. ಕುದಿಸಿದ್ದನ್ನು ಕುಡಿದವರ ಮಟ್ಟ ಮತ್ತೆ ಏರಿತು, ಸೋಸಿದ್ದನ್ನು ಕುಡಿದವರದ್ದು ಇಳಿದಲ್ಲೇ ನಿಂತಿತು. ಇದು 1985ರ ಮಾತು. ನಾಲ್ಕು ವರ್ಷಗಳ ನಂತರ ನೆದರ್‌ಲ್ಯಾಂಡ್ಸ್‌ನ ಬಾಕ್ ಮತ್ತು ಗ್ರೊಬಿ ಇದನ್ನೇ ಆರೋಗ್ಯವಂತ ಯುವಕ ಯುವತಿಯರ ಮೇಲೆ ಪರೀಕ್ಷಿಸಿದರು. 107 ಜನರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ನಾಲ್ಕರಿಂದ ಆರು ಲೋಟ ಕುದಿಸಿದ ಕಾಫಿ, ಇನ್ನೊಂದಕ್ಕೆ ಅಷ್ಟೇ ಸೋಸಿದ ಕಾಫಿ, ಮೂರನೆಯದಕ್ಕೆ ಕಾಫಿಯೇ ಇಲ್ಲ. ಒಂಬತ್ತು ವಾರ ಕಳೆದಾಗ ಕುದಿಸಿದ ಕಾಫಿಯವರ ಕೊಲೆಸ್ಟರಾಲ್ ನಮ್ಮ ಲ್ಯಾಬಿನ ಲೆಕ್ಕದಲ್ಲಿ, ಅಂದರೆ ಡೆಸಿಲೀಟರಿಗೆ ಮಿಲಿಗ್ರಾಂ ಎಂಬ ಅಳತೆಯಲ್ಲಿ, ಸುಮಾರು 18ರಷ್ಟು ಮೇಲಿತ್ತು. ಹೆಚ್ಚಳದ ಬಹುಪಾಲು ಎಲ್‌ಡಿಎಲ್ ಎಂಬ ಕೆಟ್ಟ ಹೆಸರಿನ ಭಾಗದಲ್ಲೇ ಇತ್ತು. ಸೋಸಿದ ಕಾಫಿಯವರಿಗೂ ಕಾಫಿ ಬಿಟ್ಟವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಇಲ್ಲಿ ಎರಡು ಅನುಮಾನ ಉಳಿಯುತ್ತವೆ. ಕುದಿಸುವಾಗಿನ ಕಾವು ಏನಾದರೂ ಹೊಸ ವಸ್ತುವನ್ನು ಹುಟ್ಟಿಸುತ್ತದೆಯೇ, ಅಥವಾ ಬೀಜದಲ್ಲಿ ಮೊದಲೇ ಇರುವ ಏನನ್ನೋ ಕಾಗದ ತಡೆಯುತ್ತದೆಯೇ? ಇದನ್ನು ಬಿಡಿಸಲು ಒಂದೇ ದಾರಿ: ಕಾಫಿಯನ್ನು ಚೆನ್ನಾಗಿ ಕುದಿಸಿ, ಆಮೇಲೆ ಅದನ್ನೇ ಕಾಗದದಲ್ಲಿ ಸೋಸಿ ಕುಡಿಸಿ ನೋಡುವುದು. ಡಚ್ ಸಂಶೋಧಕರು 1991ರಲ್ಲಿ ಹಾಗೇ ಮಾಡಿದರು. 64 ಜನ, ಕೆಲವರಿಗೆ ದಿನಕ್ಕೆ ಆರು ಲೋಟ ಕುದಿಸಿದ ಕಾಫಿ, ಕೆಲವರಿಗೆ ಕುದಿಸಿ ಸೋಸಿದ ಕಾಫಿ. ಏರಿದ್ದು ಮೊದಲ ಗುಂಪಿನ ಕೊಲೆಸ್ಟರಾಲ್ ಮಾತ್ರ. ಕುದಿ ನಿರಪರಾಧಿ ಎಂದಾಯಿತು. ಕುದಿಸಿದ ಕಾಫಿಯ ಒಂದು ಲೀಟರಿನಲ್ಲಿ ಸುಮಾರು ಒಂದು ಗ್ರಾಂ ಕೊಬ್ಬು ಇತ್ತು; ಅದನ್ನೇ ಕಾಗದದಲ್ಲಿ ಇಳಿಸಿದಾಗ ಆ ಕೊಬ್ಬು ಐವತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು.

ಕಾಫಿಯಲ್ಲಿ ಕೊಬ್ಬೇ ಎಂದು ಕೆಲವರಿಗೆ ಆಶ್ಚರ್ಯವಾಗಬಹುದು. ಅರೇಬಿಕಾ ಬೀಜದ ತೂಕದಲ್ಲಿ ಸುಮಾರು ಶೇಕಡಾ 15 ಎಣ್ಣೆ, ರೊಬಸ್ಟಾದಲ್ಲಿ ಸುಮಾರು 10. ಕಡುಗಂದಿಗೆ ಹುರಿದ ಬೀಜ ಡಬ್ಬಿಯಲ್ಲಿ ನಾಲ್ಕು ದಿನ ಕೂತರೆ ಮೈಮೇಲೆ ಜಿಡ್ಡು ಹೊಳೆಯುವುದು ಇದೇ ಎಣ್ಣೆಯಿಂದ. ಅಪರಾಧಿ ಈ ಎಣ್ಣೆಯಲ್ಲೇ ಅಡಗಿದೆ ಎಂದು ಮಾರ್ಟೈನ್ ಕಟಾನ್ ಅವರ ತಂಡ 1990ರಲ್ಲೇ ತೋರಿಸಿತ್ತು. ಕುದಿಸಿದ ಕಾಫಿಯಿಂದ ಎಣ್ಣೆಯ ಅಂಶವನ್ನಷ್ಟೇ ಬೇರ್ಪಡಿಸಿ, ಹತ್ತು ಮಂದಿ ಸ್ವಯಂಸೇವಕರಿಗೆ ಆರು ವಾರ ತಿನ್ನಿಸಿದರು. ಹತ್ತಕ್ಕೆ ಹತ್ತೂ ಜನರ ಕೊಲೆಸ್ಟರಾಲ್ ಏರಿತು. ಸರಾಸರಿ ಏರಿಕೆ ಸುಮಾರು 40. ದಿನಕ್ಕೆ ಅವರು ತಿಂದ ಕಾಫಿ ಎಣ್ಣೆ ಒಂದೂಕಾಲು ಗ್ರಾಮಿನ ಆಸುಪಾಸು. ಅಷ್ಟೇ ತೂಕದ ತುಪ್ಪ ತಿಂದರೆ ಲ್ಯಾಬಿನವರಿಗೆ ಏನೂ ಕಾಣಿಸುತ್ತಿರಲಿಲ್ಲ. ಹಾಗಾಗಿ ಇದು ಸಾಮಾನ್ಯ ಕೊಬ್ಬಿನ ಆಟವಲ್ಲ, ಎಣ್ಣೆಯೊಳಗೆ ಔಷಧದಂತೆ ಕೆಲಸ ಮಾಡುವ ಯಾವುದೋ ವಸ್ತುವಿದೆ ಎಂಬುದು ಸ್ಪಷ್ಟವಾಯಿತು. 1994ರಲ್ಲಿ ಅದರ ಗುರುತು ಹಿಡಿದರು: ಕೆಫೆಸ್ಟಾಲ್, ಜೊತೆಗೆ ಅದರ ಒಡಹುಟ್ಟಿನಂಥ ಕಾಹ್ವಿಯಾಲ್. ಇಬ್ಬರಲ್ಲಿ ಹೆಚ್ಚು ಬಲಿಷ್ಠ ಕೆಫೆಸ್ಟಾಲೇ. ಅರೇಬಿಕಾದಲ್ಲಿ ಇವೆರಡೂ ಧಾರಾಳ. ರೊಬಸ್ಟಾದಲ್ಲಿ ಕೆಫೆಸ್ಟಾಲ್ ಕಡಿಮೆ, ಕಾಹ್ವಿಯಾಲ್ ಇಲ್ಲವೆನ್ನುವಷ್ಟು ಅತ್ಯಲ್ಪ.

ಕೆಫೆಸ್ಟಾಲ್ ಕೊಲೆಸ್ಟರಾಲ್ ಅಲ್ಲ, ಅದಾಗಿ ಮಾರ್ಪಡುವುದೂ ಇಲ್ಲ. ಅದು ಮಾಡುವುದು ಒಂದು ಬಗೆಯ ಮೋಸ. ನಮ್ಮ ಪಿತ್ತಜನಕಾಂಗ ಹೆಚ್ಚುವರಿ ಕೊಲೆಸ್ಟರಾಲನ್ನು ಖರ್ಚು ಮಾಡುವ ಮುಖ್ಯ ದಾರಿಯೆಂದರೆ ಅದನ್ನು ಪಿತ್ತರಸದ ಆಮ್ಲಗಳಾಗಿ ಪರಿವರ್ತಿಸುವುದು. ಆ ಆಮ್ಲಗಳು ಊಟದ ಕೊಬ್ಬನ್ನು ಕರಗಿಸಲು ಕರುಳಿಗೆ ಹೋಗುತ್ತವೆ. ಕರುಳಿನಲ್ಲಿ ಸಾಕಷ್ಟು ಪಿತ್ತಾಮ್ಲ ಇದೆಯೋ ಇಲ್ಲವೋ ಎಂದು ನೋಡುವ ಗ್ರಾಹಕಗಳಿವೆ. ಸಾಕಾಯಿತು ಎನಿಸಿದಾಗ ಅವು ಪಿತ್ತಜನಕಾಂಗಕ್ಕೆ ‘ಇನ್ನು ಮಾಡಬೇಡ’ ಎಂಬ ಸಂಕೇತ ಕಳಿಸುತ್ತವೆ. ಹ್ಯೂಸ್ಟನ್ನಿನ ಸಂಶೋಧಕರು ಇಲಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ, ಕೆಫೆಸ್ಟಾಲ್ ಇದೇ ಗ್ರಾಹಕವನ್ನು ತಟ್ಟಿ ಎಬ್ಬಿಸುತ್ತದೆ. ಪಿತ್ತಾಮ್ಲ ಸಾಲದೇ ಇದ್ದರೂ ಸಾಕೆಂಬ ಸುಳ್ಳು ಸುದ್ದಿ ಪಿತ್ತಜನಕಾಂಗಕ್ಕೆ ತಲುಪುತ್ತದೆ. ಪರಿವರ್ತನೆ ನಿಧಾನವಾಗುತ್ತದೆ, ಖರ್ಚಾಗದ ಕೊಲೆಸ್ಟರಾಲ್ ಅಲ್ಲೇ ಉಳಿಯುತ್ತದೆ. ಒಳಗೆ ದಾಸ್ತಾನು ಇರುವಾಗ ಪಿತ್ತಜನಕಾಂಗ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವುದನ್ನೂ ಕಡಿಮೆ ಮಾಡುತ್ತದೆ. ರಕ್ತಪರೀಕ್ಷೆಯ ಕಾಗದದಲ್ಲಿ ಕಾಣುವುದು ಈ ಕೊನೆಯ ಹಂತ. ಕೆಫೀನಿಗೆ ಇದರಲ್ಲಿ ಪಾತ್ರವಿಲ್ಲ. ಅದು ನೀರಿನಲ್ಲಿ ಕರಗುವ ವಸ್ತು, ಕಾಗದವನ್ನು ಸಲೀಸಾಗಿ ದಾಟುತ್ತದೆ. ಸೋಸಿದ ಕಾಫಿ ನಿದ್ದೆ ಕೆಡಿಸುವುದರಲ್ಲಿ ಸೋಸದ ಕಾಫಿಗೆ ಎಳ್ಳಷ್ಟೂ ಹಿಂದೆ ಬೀಳುವುದಿಲ್ಲ.

ಇನ್ನು ಆ ಕಾಗದ. ಡ್ರೆಸ್ಡೆನ್ ನಗರದ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ 1908ರಲ್ಲಿ ಹಿತ್ತಾಳೆ ಪಾತ್ರೆಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮಗನ ನೋಟ್‌ಪುಸ್ತಕದ ಬ್ಲಾಟಿಂಗ್ ಪೇಪರನ್ನು ಅದರಲ್ಲಿ ಹಾಸಿ ಕಾಫಿ ಸೋಸಿದಳು. ಬಾಯಿಗೆ ಬರುವ ಚರಟ, ಅತಿಯಾದ ಕಹಿ, ಇವೆರಡೇ ಅವಳ ದೂರು. ಕೊಲೆಸ್ಟರಾಲಿನ ಗೊಡವೆ ಆಗ ಯಾರಿಗೂ ಇರಲಿಲ್ಲ. ರುಚಿಗಾಗಿ ಹುಟ್ಟಿದ ಉಪಾಯ ಮುಕ್ಕಾಲು ಶತಮಾನ ಕಳೆದ ಮೇಲೆ ವೈದ್ಯರ ಕಣ್ಣಿಗೆ ಬಿತ್ತು.

ಕಾಗದ ಎಣ್ಣೆಯನ್ನು ಹೀರಿಕೊಳ್ಳುತ್ತದೆ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಬೋಂಡಾದ ಜಿಡ್ಡು ಕಾಗದಕ್ಕೆ ಹತ್ತುವುದನ್ನು ನೋಡಿದ ನಮಗೆ ಅದು ಸಹಜವಾಗಿಯೇ ತೋರುತ್ತದೆ. ಆದರೆ ಅದು ಅರ್ಧ ಸತ್ಯ, ಅರ್ಧಕ್ಕಿಂತಲೂ ಕಡಿಮೆ. ಬ್ರೆಜಿಲಿನಲ್ಲಿ ಪುಡಿಯಲ್ಲಿದ್ದ ಕೆಫೆಸ್ಟಾಲ್, ಕಾಹ್ವಿಯಾಲ್ ಎಲ್ಲೆಲ್ಲಿ ಹೋದವು ಎಂದು ಲೆಕ್ಕ ಹಾಕಿ ನೋಡಿದ್ದಾರೆ. ಸುಮಾರು ಶೇಕಡಾ 87 ಚರಟದಲ್ಲೇ ಉಳಿದಿತ್ತು, ಕಾಗದ ಹಿಡಿದಿಟ್ಟದ್ದು ಸುಮಾರು 12. ಲೋಟಕ್ಕೆ ಇಳಿದದ್ದು ಶೇಕಡಾ ಒಂದಕ್ಕಿಂತ ಎಷ್ಟೋ ಕಡಿಮೆ. ಮೊದಲ ಜರಡಿ ಕಾಫಿಪುಡಿಯೇ ಎಂದಂತಾಯಿತು. ಎಣ್ಣೆ ನೀರಿನಲ್ಲಿ ಕರಗದ ಕಾರಣ ಪುಡಿಯ ಕಣಗಳಿಗೆ ಅಂಟಿಕೊಂಡೇ ಇರಲು ನೋಡುತ್ತದೆ. ಅದು ಲೋಟಕ್ಕೆ ಬರುವುದು ಎರಡು ರೂಪದಲ್ಲಿ: ನೀರಿನಲ್ಲಿ ತೇಲುವ ಅತಿಸಣ್ಣ ಎಣ್ಣೆಹನಿಗಳಾಗಿ, ಮತ್ತು ಹಿಟ್ಟಿನಂಥ ನುಣ್ಣನೆಯ ಪುಡಿಯ ಬೆನ್ನೇರಿ. ಕಾಗದದ ರಂಧ್ರಗಳು ಈ ಎರಡನ್ನೂ ತಡೆಯುವಷ್ಟು ಕಿರಿದು.

ನುಣ್ಣನೆಯ ಪುಡಿಯ ವಿಷಯದಲ್ಲಿ ಇನ್ನೊಂದು ಮಾತು ಹೇಳಿಯೇ ಮುಂದೆ ಹೋಗಬೇಕು, ನಮಗೆ ಅದು ಮುಖ್ಯ. ಲೋಟದ ತಳದಲ್ಲಿ ಉಳಿಯುವ ಕೆಸರಿನಂಥ ಗಸಿಯನ್ನು ಕೆಲವರು ಕೊನೆಯ ಗುಟುಕಿನ ಜೊತೆ ಕುಡಿದುಬಿಡುತ್ತಾರೆ. ಡಚ್ ಸಂಶೋಧಕರು ಸ್ವಯಂಸೇವಕರಿಗೆ ದಿನಕ್ಕೆ ಎಂಟು ಗ್ರಾಂ ನುಣ್ಣನೆಯ ಕಾಫಿ ಗಸಿಯನ್ನೇ ತಿನ್ನಿಸಿದಾಗ ಮೂರೇ ವಾರಕ್ಕೆ ಕೊಲೆಸ್ಟರಾಲ್ ಸುಮಾರು 25ರಷ್ಟು ಏರಿತು. ಕಣಕ್ಕೆ ಅಂಟಿದ ಎಣ್ಣೆಯನ್ನು ಬಿಸಿನೀರು ಬಿಡಿಸದಿದ್ದರೂ ಕರುಳು ಬಿಡಿಸಿಕೊಳ್ಳುತ್ತದೆ ಎಂದು ಇದರಿಂದ ತಿಳಿಯುತ್ತದೆ. ಟರ್ಕಿಯ ಕಾಫಿಯಲ್ಲಿ ಕೆಫೆಸ್ಟಾಲ್ ಹೆಚ್ಚಿರುವುದಕ್ಕೆ ಒಂದು ಕಾರಣ ಇದೇ: ಪುಡಿ ಮೈದಾದಷ್ಟು ನುಣುಪು, ಸೋಸುವ ಪದ್ಧತಿ ಇಲ್ಲ.

ಇಷ್ಟು ಗೊತ್ತಾದ ಮೇಲೆ ಒಂದು ಸಣ್ಣ ಲೆಕ್ಕ ಮಾಡಬಹುದು. ಪ್ರಯೋಗಗಳಿಂದ ಬಂದ ಅಂದಾಜು ಹೀಗಿದೆ: ದಿನಕ್ಕೆ ಹತ್ತು ಮಿಲಿಗ್ರಾಂ ಕೆಫೆಸ್ಟಾಲ್ ಹೊಟ್ಟೆಗೆ ಹೋದರೆ ಕೆಲವು ವಾರಗಳಲ್ಲಿ ಕೊಲೆಸ್ಟರಾಲ್ ಸುಮಾರು ಐದು ಏರುತ್ತದೆ. ಸ್ಕ್ಯಾಂಡಿನೇವಿಯಾದ ಒಂದು ಲೋಟ ಕುದಿಸಿದ ಕಾಫಿಯಲ್ಲಿ ಸುಮಾರು ಏಳು ಮಿಲಿಗ್ರಾಂ ಕೆಫೆಸ್ಟಾಲ್ ಇರುತ್ತದೆ. ಐದು ಲೋಟಕ್ಕೆ 35 ಮಿಲಿಗ್ರಾಂ. ಏರಿಕೆ 17 ಅಥವಾ 18. ಬಾಕ್ ಮತ್ತು ಗ್ರೊಬಿ ನಾಲ್ಕರಿಂದ ಆರು ಲೋಟ ಕುಡಿಸಿ ಕಂಡದ್ದೂ ಅದನ್ನೇ. ಈಗ ಫ್ರೆಂಚ್ ಪ್ರೆಸ್. ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ ಲೋಹದ ಜಾಲರಿಯನ್ನು ಕೆಳಗೆ ಒತ್ತುವ ಈ ಗಾಜಿನ ಪಾತ್ರೆ ಬೆಂಗಳೂರಿನ ಫ್ಲಾಟುಗಳ ಅಡುಗೆಮನೆಯಲ್ಲಿ ಈಚೆಗೆ ಪ್ರತಿಷ್ಠೆಯ ಜಾಗ ಪಡೆದಿದೆ. ಹಾಲು ಸಕ್ಕರೆ ಬಿಟ್ಟು ‘ಆರೋಗ್ಯಕ್ಕೆ’ ಕರಿಕಾಫಿಗೆ ತಿರುಗಿದವರ ಮೆಚ್ಚಿನ ಉಪಕರಣ ಅದು. ಒಂದು ಲೋಟಕ್ಕೆ ಸುಮಾರು ಮೂರೂವರೆ ಮಿಲಿಗ್ರಾಂ ಕೆಫೆಸ್ಟಾಲ್ ಅದರಿಂದ ಇಳಿಯುತ್ತದೆ. ಐದು ಲೋಟಕ್ಕೆ ಹದಿನೇಳೂವರೆ, ಏರಿಕೆ ಒಂಬತ್ತರ ಆಸುಪಾಸು. ಡಚ್ಚರು 46 ಜನರನ್ನು ಸೇರಿಸಿ, ಅರ್ಧ ಜನರಿಗೆ ದಿನಕ್ಕೆ ಐದಾರು ಲೋಟ ಈ ಪ್ರೆಸ್ ಕಾಫಿ, ಉಳಿದವರಿಗೆ ಕಾಗದದ ಕಾಫಿಯನ್ನು 24 ವಾರ ಕುಡಿಸಿ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಲ್‌ಡಿಎಲ್ ಏರಿದ್ದು ಸುಮಾರು ಹತ್ತು. ಪಿತ್ತಜನಕಾಂಗದ ಒಂದು ಕಿಣ್ವವೂ ಅವರಲ್ಲಿ ತಾತ್ಕಾಲಿಕವಾಗಿ ಹೆಚ್ಚಿತ್ತು, ಕುಡಿಯುವುದನ್ನು ನಿಲ್ಲಿಸಿದ ಮೇಲೆ ಹಿಂದಿನ ಮಟ್ಟಕ್ಕೆ ಬಂತು. ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಬೇರೆ ಬೇರೆ ದಾರಿಯಿಂದ ಬಂದ ಲೆಕ್ಕಗಳು ಹೀಗೆ ತಾಳೆಯಾಗುವುದು ಆಹಾರವಿಜ್ಞಾನದಲ್ಲಿ ಅಪರೂಪ. ಈ ಇಡೀ ಕಥೆಯನ್ನು ನಾನು ನಂಬುವುದು ಮುಖ್ಯವಾಗಿ ಇದಕ್ಕಾಗಿ.

ಈಗ ನಮ್ಮ ಮನೆಗೆ ಬರೋಣ. ಪಾಶ್ಚಾತ್ಯ ವೈದ್ಯರು ಫಿಲ್ಟರ್ ಕಾಫಿ ಸುರಕ್ಷಿತ ಎಂದು ಬರೆದದ್ದು ನಮ್ಮಲ್ಲಿ ಹಾಗೇ ಅಚ್ಚಾಗುತ್ತದೆ. ಓದುವ ಮೈಸೂರಿನವರೋ ಮಂಡ್ಯದವರೋ ಸ್ಟೀಲ್ ಫಿಲ್ಟರಿನ ಕಡೆ ನೋಡಿ ನಿಟ್ಟುಸಿರು ಬಿಡುತ್ತಾರೆ. ಅವರ ಫಿಲ್ಟರಿನಲ್ಲಿ ಕಾಗದವಿದೆ, ನಮ್ಮದರಲ್ಲಿ ತಗಡಿನ ತೂತುಗಳಿವೆ. ತೂತು ಎಷ್ಟೇ ಸಣ್ಣದಾದರೂ ಎಣ್ಣೆಹನಿಗೆ ಅದು ಹೆಬ್ಬಾಗಿಲು. ಹಾಗೆಂದು ನಮ್ಮ ಡಿಕಾಕ್ಷನ್ನು ನಾರ್ವೆಯ ಕೆಟಲಿಗೆ ಸಮ ಎಂದು ಹೇಳಿದರೂ ತಪ್ಪಾಗುತ್ತದೆ. ಕೆಟಲಿನಲ್ಲಿ ಪುಡಿ ನೀರಿನ ತುಂಬ ಕುಣಿದಾಡುತ್ತದೆ, ಎಣ್ಣೆ ಎಲ್ಲ ಕಡೆಯಿಂದ ಕಳಚಿಕೊಳ್ಳುತ್ತದೆ. ನಮ್ಮ ಫಿಲ್ಟರಿನಲ್ಲಿ ಪುಡಿಯನ್ನು ಅದುಮಿ ಕೂರಿಸಿ, ಮೇಲೆ ಕೊಡೆಯಂಥ ತಟ್ಟೆ ಇಟ್ಟು ನೀರು ಹೊಯ್ಯುತ್ತೇವೆ. ನೀರು ಒಂದೂವರೆ ಎರಡು ಅಂಗುಲ ದಪ್ಪದ ಪುಡಿಯ ಪದರವನ್ನು ಹಾದು ಹನಿಹನಿಯಾಗಿ ಇಳಿಯಬೇಕು. ಆ ಪದರವೇ ಮೊದಲ ಜರಡಿ ಎಂದು ಬ್ರೆಜಿಲಿನ ಲೆಕ್ಕ ಹೇಳಿತಲ್ಲ. ಹೀಗಾಗಿ ನಮ್ಮ ಡಿಕಾಕ್ಷನ್ನಿನ ಜಾಗ ಕುದಿಸಿದ ಕಾಫಿಗೂ ಕಾಗದದ ಕಾಫಿಗೂ ನಡುವೆ ಎಲ್ಲೋ ಇದೆ.

ನಡುವೆ ಎಲ್ಲಿ ಎಂಬುದು ಪುಡಿಯನ್ನೂ ಕೈಯನ್ನೂ ಅವಲಂಬಿಸಿದೆ. ಅರೇಬಿಕಾ ಪ್ರಮಾಣ ಹೆಚ್ಚಿರುವ ದುಬಾರಿ ಪುಡಿಯಲ್ಲಿ ಕೆಫೆಸ್ಟಾಲ್ ಹೆಚ್ಚು. ಚಿಕೋರಿ ಬೇರೆಯೇ ಗಿಡದ ಬೇರು, ಅದರಲ್ಲಿ ಕೆಫೆಸ್ಟಾಲ್ ಇಲ್ಲವೇ ಇಲ್ಲ. ನೂರರಲ್ಲಿ ಮೂವತ್ತು ನಲವತ್ತು ಪಾಲು ಚಿಕೋರಿ ಇರುವ ಪುಡಿಯಲ್ಲಿ ಅಷ್ಟರಮಟ್ಟಿಗೆ ಕಾಫಿ ಎಣ್ಣೆಯೂ ಕಡಿಮೆ. ಕಾಫಿ ರಸಿಕರು ಮೂಗು ಮುರಿಯುವ ಮಿಶ್ರಣಕ್ಕೆ ಹೀಗೊಂದು ಸಮರ್ಥನೆ ಸಿಗುವುದು ತಮಾಷೆಯೇ. ಪುಡಿ ಅತಿ ನುಣ್ಣಗಿದ್ದರೆ, ಪುಡಿ ಹದವಾಗಿ ಕೂರದೆ ನೀರು ಬೇಗ ಇಳಿದರೆ, ಅಥವಾ ಆತುರಕ್ಕೆ ಫಿಲ್ಟರನ್ನು ತಟ್ಟಿ ಅಲುಗಿಸಿದರೆ ಗಸಿ ಕೆಳಗಿನ ಡಬ್ಬಿಗೆ ಬರುತ್ತದೆ. ಗಸಿ ಬಂದಿದೆಯೋ ಇಲ್ಲವೋ ತಿಳಿಯಲು ಡಿಕಾಕ್ಷನ್ನನ್ನು ಗಾಜಿನ ಲೋಟಕ್ಕೆ ಸುರಿದು ಅರ್ಧ ಗಂಟೆ ಬಿಟ್ಟರೆ ಸಾಕು. ತಳದಲ್ಲಿ ಕಂದು ಕೆಸರು, ಮೇಲೆ ದೀಪದ ಬೆಳಕಿಗೆ ಬಣ್ಣಬಣ್ಣವಾಗಿ ಹೊಳೆಯುವ ಪೊರೆ, ಇವೆರಡೂ ಎಣ್ಣೆ ದಾಟಿ ಬಂದದ್ದರ ಗುರುತು. ಹಾಲು ಬೆರೆಸಿದ ಮೇಲೆ ಎರಡೂ ಕಾಣುವುದಿಲ್ಲ.

ಸ್ಟೀಲ್ ಫಿಲ್ಟರು ಮನೆಮನೆಗೂ ಬರುವ ಮುಂಚೆ ನಮ್ಮ ಹಳ್ಳಿಗಳಲ್ಲಿ ಕಾಫಿ ಸೋಸುತ್ತಿದ್ದದ್ದು ಬಟ್ಟೆಯಲ್ಲಿ. ಮಲೆನಾಡು, ಕೊಡಗಿನ ಬೆಲ್ಲದ ಕಾಫಿಯನ್ನು ಬೆಲ್ಲದ ನೀರಿಗೆ ಪುಡಿ ಹಾಕಿ ಕುದಿಸಿಯೇ ಮಾಡುವುದು. ಪಾತ್ರೆಯ ಬಾಯಿಗೆ ಹತ್ತಿಬಟ್ಟೆ ಕಟ್ಟಿ ಅದರ ಮೇಲೆ ಸುರಿದು ಇಳಿಸಿಕೊಳ್ಳುತ್ತಿದ್ದರು. ಆ ಬಟ್ಟೆ ಏನನ್ನು ತಡೆಯುತ್ತಿತ್ತು? ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಳತೆಯೊಂದು ಇದಕ್ಕೆ ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಅವರು ಮುಖ್ಯವಾಗಿ ನೋಡಿದ್ದು ಕಚೇರಿಗಳಲ್ಲಿ ಗುಂಡಿ ಒತ್ತಿದರೆ ಕಾಫಿ ಸುರಿಸುವ 14 ಯಂತ್ರಗಳನ್ನು. ಬಿಸಿನೀರು ಪುಡಿಯನ್ನು ಹಾದು ಲೋಹದ ಜಾಲರಿಯಲ್ಲಿ ಇಳಿಯುವ ಯಂತ್ರಗಳಲ್ಲಿ ಲೀಟರಿಗೆ ಸುಮಾರು 176 ಮಿಲಿಗ್ರಾಂ ಕೆಫೆಸ್ಟಾಲ್ ಇತ್ತು, ಕಾಗದದ ಕಾಫಿಯಲ್ಲಿ ಸುಮಾರು 12. ಹೋಲಿಕೆಗೆಂದು ಕುದಿಸಿದ ಕಾಫಿಯಲ್ಲಿ 939. ಅದನ್ನೇ ಬಟ್ಟೆಯ ಸೋಸುಕದಲ್ಲಿ ಹಾಯಿಸಿದಾಗ 28. ಇಲ್ಲಿಯ ಅಂಕಿಗಳು ಹಿಂದಿನ ಅಧ್ಯಯನಗಳಿಗಿಂತ ದೊಡ್ಡವು, ಹಾಗಾಗಿ ಮೇಲಿನ ಲೆಕ್ಕದೊಳಗೆ ಇವನ್ನು ತುರುಕಬಾರದು. ಆದರೆ ಒಂದೇ ಕಾಫಿ, ಒಂದೇ ಪ್ರಯೋಗಾಲಯ, ಸೋಸುವ ಮುಂಚೆ ಮತ್ತು ಆಮೇಲೆ ಎಂಬ ಹೋಲಿಕೆ ನಿಲ್ಲುತ್ತದೆ: ಬಟ್ಟೆ ಹೆಚ್ಚುಕಡಿಮೆ ಕಾಗದದ ಕೆಲಸವನ್ನೇ ಮಾಡಿತ್ತು. ಸಿಂಗಪುರದ ಕಾಪಿ ಅಂಗಡಿಗಳಲ್ಲಿ ಉದ್ದನೆಯ ಕಾಲುಚೀಲದಂಥ ಬಟ್ಟೆಯಲ್ಲಿ ಸೋಸಿದ ಕಾಫಿಯಲ್ಲೂ ಕೆಫೆಸ್ಟಾಲ್ ಅತ್ಯಲ್ಪವೆಂದು ಅಳೆದವರು ಕಂಡಿದ್ದಾರೆ. ಬಟ್ಟೆಯಿಂದ ಸ್ಟೀಲಿಗೆ ಬಂದದ್ದರಿಂದ ತೊಳೆಯುವ ಕಷ್ಟ ತಪ್ಪಿತು, ಡಿಕಾಕ್ಷನ್ ಗಟ್ಟಿಯಾಯಿತು. ಎಣ್ಣೆಯ ತಡೆ ಮಾತ್ರ ಸಡಿಲವಾಯಿತು.

ಈ ವಾದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು, ಕಾಗದವೂ ಪೂರ್ಣ ರಕ್ಷೆಯಲ್ಲ. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತೆಲ್ಲೆ ಅವರೂ ಅದರಲ್ಲಿದ್ದರು, ಸೋಸಿದ ಕಾಫಿಯನ್ನು ಬಿಟ್ಟವರಿಗೆ ಕೊಲೆಸ್ಟರಾಲ್ ಸ್ವಲ್ಪ ಇಳಿಯಿತು, ಮತ್ತೆ ದಿನಕ್ಕೆ ನಾಲ್ಕು ಲೋಟ ಕುಡಿದಾಗ ಸ್ವಲ್ಪ ಏರಿತು. ಆ ಏರಿಳಿತ ಆರರಿಂದ ಹತ್ತರೊಳಗಿನದು. ಹಳೆಯ ಡಚ್ ಪ್ರಯೋಗಗಳಲ್ಲಿ ಇದು ಕಂಡಿರಲಿಲ್ಲ. ಕಾಗದ ಎಲ್ಲವನ್ನೂ ತಡೆಯುತ್ತದೆ ಎನ್ನುವುದಕ್ಕಿಂತ ದೊಡ್ಡ ಪಾಲನ್ನು ತಡೆಯುತ್ತದೆ ಎನ್ನುವುದೇ ಸರಿಯಾದ ಮಾತು.

ಎರಡನೆಯದು ಹೆಚ್ಚು ಮೂಲಭೂತ. ಕೊಲೆಸ್ಟರಾಲ್ ಒಂದು ಅಂಕಿ. ಕಾಯಿಲೆ, ಸಾವು ಬೇರೆ ಮಾತು. ಅಂಕಿ ಹತ್ತು ಏರಿದರೆ ಯಾರಾದರೂ ಬೇಗ ಸಾಯುತ್ತಾರೆಯೇ? ಇದಕ್ಕೆ ನೇರ ಪ್ರಯೋಗ ಮಾಡಲಾಗದು, ಇಪ್ಪತ್ತು ವರ್ಷ ಯಾರೂ ಚೀಟಿಯಲ್ಲಿ ಬಂದ ಕಾಫಿಯನ್ನೇ ಕುಡಿಯುತ್ತ ಕೂರುವುದಿಲ್ಲ. ಆದರೆ ನಾರ್ವೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಸರಾಸರಿ ಇಪ್ಪತ್ತು ವರ್ಷ ಹಿಂಬಾಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಸೋಸಿದ ಕಾಫಿ ಕುಡಿಯುವವರಲ್ಲಿ ಸಾವಿನ ಪ್ರಮಾಣ ಕಾಫಿಯನ್ನೇ ಕುಡಿಯದವರಿಗಿಂತಲೂ ಕಡಿಮೆ, ಸೋಸದ ಕಾಫಿಯವರಲ್ಲಿ ಸೋಸಿದವರಿಗಿಂತ ಹೆಚ್ಚು. ಕೆಟಲಿನ ಕಾಫಿ ಬಿಡದವರು ಹಳ್ಳಿಗರೂ ವಯಸ್ಸಾದವರೂ ಆಗಿರಬಹುದು, ಅವರ ಬದುಕಿನ ಇತರ ಸಂಗತಿಗಳೂ ಬೇರೆಯಿರಬಹುದು ಎಂಬ ತಕರಾರನ್ನು ಇಂಥ ಅಧ್ಯಯನ ಪೂರ್ತಿ ಅಳಿಸಲಾರದು. ಆದರೂ ಎಣ್ಣೆ, ಕರುಳು, ಎಲ್‌ಡಿಎಲ್ ಎಂದು ಸಾಗಿ ಬಂದ ಸರಪಳಿ ಯಾವ ದಿಕ್ಕಿಗೆ ಬೆರಳು ತೋರಿತ್ತೋ ಇದೂ ಅದೇ ದಿಕ್ಕಿಗೆ ತೋರುತ್ತದೆ.

ಹಾಗಾದರೆ ಯಾರು ಏನು ಮಾಡಬೇಕು? ಬೆಳಿಗ್ಗೆ ಒಂದು, ಸಂಜೆ ಒಂದು ಸಣ್ಣ ಲೋಟ ಚಿಕೋರಿ ಬೆರೆತ ಕಾಫಿ ಕುಡಿಯುವ, ಎಲ್‌ಡಿಎಲ್ ಮಿತಿಯಲ್ಲಿರುವ ಮನುಷ್ಯ ಏನನ್ನೂ ಬದಲಿಸಬೇಕಿಲ್ಲ. ಅವನ ಲೋಟದಲ್ಲಿ ಡಿಕಾಕ್ಷನ್ನಿಗಿಂತ ಹಾಲಿನ ಕೆನೆಯ ಬಗ್ಗೆ ಯೋಚಿಸುವುದು ಹೆಚ್ಚು ಉಪಯುಕ್ತ. ಈ ಲೆಕ್ಕ ಬೇಕಾದದ್ದು ದಿನಕ್ಕೆ ನಾಲ್ಕೈದು ಬಾರಿ ಗಟ್ಟಿ ಡಿಕಾಕ್ಷನ್ನೋ ಫ್ರೆಂಚ್ ಪ್ರೆಸ್ಸೋ ಕಚೇರಿ ಯಂತ್ರದ ಕಾಫಿಯೋ ಕುಡಿಯುವ, ಎಲ್‌ಡಿಎಲ್ 140, 150ರಲ್ಲಿ ತೂಗಾಡುತ್ತಿರುವ, ಮಾತ್ರೆ ಶುರು ಮಾಡೋಣವೇ ಎಂದು ವೈದ್ಯರು ಯೋಚಿಸುತ್ತಿರುವವರಿಗೆ. ಹೃದಯಾಘಾತ ಆಗಿಹೋದವರಿಗೆ, ವಂಶಪಾರಂಪರ್ಯವಾಗಿ ಕೊಲೆಸ್ಟರಾಲ್ ಏರಿರುವವರಿಗೆ ಕಾಗದ ಮಾತ್ರೆಯ ಬದಲಿಯಲ್ಲ.

ಬದಲಿಸುವುದು ಸುಲಭ. ಎಂದಿನಂತೆ ಡಿಕಾಕ್ಷನ್ ಇಳಿಸಿ, ಅದನ್ನು ಒದ್ದೆ ಮಾಡಿದ ಕಾಗದದ ಕೋನಿನಲ್ಲಿ ಇನ್ನೊಮ್ಮೆ ಇಳಿಸಿದರೆ ಆಯಿತು. ಮೊದಲು ಕುದಿಸಿ ಆಮೇಲೆ ಸೋಸಿದರೂ ಫಲ ಸಿಗುತ್ತದೆ ಎಂದು 1991ರ ಪ್ರಯೋಗವೇ ಹೇಳಿದೆ. ಗಟ್ಟಿ ಡಿಕಾಕ್ಷನ್ ಕಾಗದದಲ್ಲಿ ಮೆಲ್ಲಗೆ ಇಳಿಯುತ್ತದೆ, ಅವಸರಕ್ಕೆ ಚಮಚದಿಂದ ಕೆದಕಿದರೆ ಕಾಗದ ಹರಿಯುತ್ತದೆ. ಬಿಸಿಯಿರುವಾಗಲೇ ಹೊಯ್ದು ಸುಮ್ಮನೆ ಬಿಡಬೇಕು. ಫಿಲ್ಟರಿನ ಮೇಲಿನ ಡಬ್ಬಿಯ ತಳಕ್ಕೆ ಕಾಗದವನ್ನು ದುಂಡಗೆ ಕತ್ತರಿಸಿ ಹಾಸುವವರೂ ಇದ್ದಾರೆ. ಅದರಲ್ಲಿ ಅಂಚಿನಿಂದ ನೀರು ನುಸುಳಿದರೆ ಹಾಸಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಮರಳಿ ಮರಳಿ ಬಳಸುವ ಜಾಲರಿ ಕೋನುಗಳು ಕಾಗದದ ಆಕಾರದಲ್ಲಿದ್ದರೂ ಲೋಹವೇ. ಬಟ್ಟೆ ಬಳಸುವುದಾದರೆ ಒತ್ತಾಗಿ ನೇಯ್ದ ಹತ್ತಿಬಟ್ಟೆ ಬೇಕು, ಪ್ರತಿ ಸಲ ಕುದಿನೀರಿನಲ್ಲಿ ತೊಳೆಯಬೇಕು. ಹಿಡಿದಿಟ್ಟ ಎಣ್ಣೆ ಅದರಲ್ಲೇ ಉಳಿದು ಕಮಟುತ್ತದೆ. ಇದೆಲ್ಲ ಬೇಡವೆನ್ನುವವರಿಗೆ ಇನ್‌ಸ್ಟಂಟ್ ಕಾಫಿ ಇದೆ. ಅದರಲ್ಲಿ ಕೆಫೆಸ್ಟಾಲ್ ನಗಣ್ಯ, ರುಚಿಯ ಮಾತು ನಾನು ಎತ್ತುವುದಿಲ್ಲ. ಕಾಗದದ ಡಿಕಾಕ್ಷನ್ನೂ ನಾಲಿಗೆಗೆ ಸ್ವಲ್ಪ ತೆಳುವೆನಿಸುತ್ತದೆ. ಬಾಯಲ್ಲಿ ಹರಡುವ ಆ ಮಂದತನ ಎಣ್ಣೆಯಿಂದಲೇ ಬರುತ್ತದೆ, ಎಣ್ಣೆಯನ್ನು ತೆಗೆದು ಮಂದತನವನ್ನು ಉಳಿಸಿಕೊಳ್ಳುವ ಉಪಾಯವಿಲ್ಲ.

ಫಲ ಸಿಕ್ಕಿದೆಯೇ ಎಂದು ತಿಳಿಯಲು ಮಾತ್ರ ತಾಳ್ಮೆ ಬೇಕು. ಕೊಲೆಸ್ಟರಾಲ್ ಇಳಿಯಲು ವಾರಗಳು ಹಿಡಿಯುತ್ತವೆ, ಆರು ವಾರಕ್ಕೆ ಮುಂಚೆ ರಕ್ತ ಕೊಟ್ಟು ಪ್ರಯೋಜನವಿಲ್ಲ. ಅದೇ ಲ್ಯಾಬು, ಅದೇ ಹೊತ್ತು, ನಡುವೆ ಎಣ್ಣೆ, ತುಪ್ಪ, ಮಾತ್ರೆ, ನಡಿಗೆ ಯಾವುದನ್ನೂ ಬದಲಿಸಕೂಡದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಇಳಿಯಿತೆಂದು ಹೇಳಲಾಗದು. ಏನೂ ಮಾಡದಿದ್ದರೂ ಒಬ್ಬನೇ ಮನುಷ್ಯನ ಎಲ್‌ಡಿಎಲ್ ವಾರದಿಂದ ವಾರಕ್ಕೆ ಶೇಕಡಾ ಏಳೆಂಟು ಆಚೀಚೆ ಆಗುತ್ತಿರುತ್ತದೆ. ಆದ್ದರಿಂದ 150 ಇದ್ದದ್ದು 145 ಆದರೆ ಅದರಿಂದ ಏನನ್ನೂ ತೀರ್ಮಾನಿಸುವಂತಿಲ್ಲ. 130ರ ಹತ್ತಿರ ಬಂದು, ಎರಡು ವಾರದ ನಂತರದ ಇನ್ನೊಂದು ಪರೀಕ್ಷೆಯಲ್ಲೂ ಅಲ್ಲೇ ನಿಂತರೆ, ಆ ಚೀಟಿಯನ್ನು ವೈದ್ಯರ ಮುಂದಿಟ್ಟು ಮಾತ್ರೆಯ ಮಾತನ್ನು ಹೊಸದಾಗಿ ಎತ್ತಬಹುದು.